ಮಂಚದ ಕಂಬಿಯ ಸದ್ದು

ಆಸ್ಪತ್ರೆಯ ಲಾಂಡ್ರಿಯಲ್ಲಿ ಹಗಲು ಪಾಳಿ ಮುಗಿಸಿ ಬಂದವರಿಗೆ ಕೂರುವುದೊಂದೇ ಸುಖ. ಮಸೀದಿಯ ಹಿಂದಿನ ಕೋಣೆಯಲ್ಲಿ ಪ್ಲಾಸ್ಟಿಕ್ ಚಾಪೆ ಹಾಸಿತ್ತು. ಹೆಂಗಸರು ಒಬ್ಬೊಬ್ಬರಾಗಿ ಬಂದು ಗೋಡೆಗೆ ಬೆನ್ನು ಕೊಟ್ಟರು. ಕುರಾನ್ ಓದಲು ಕಲಿಸುವ ಹೆಂಗಸನ್ನು ಎಲ್ಲರೂ ಆಪಾ ಎನ್ನುತ್ತಿದ್ದರು, ಅಕ್ಕ ಎಂಬ ಅರ್ಥದಲ್ಲಿ. ಆಪಾಗೂ ಮಂಡಿನೋವು. ಅವರೊಬ್ಬರಿಗೆ ಮಾತ್ರ ಕುರ್ಚಿ.

"ಪುಸ್ತಕ ಮುಚ್ಚಿ. ಕಣ್ಣೂ ಮುಚ್ಚಿ. ಗೊರಕೆ ಹೊಡೆದರೆ ಮಾತ್ರ ಎಬ್ಬಿಸ್ತೀನಿ."

ಇದು ಆಪಾ ಕಲಿಸುವ ಕ್ರಮ. ಮೊದಲು ಬಾಯಲ್ಲ, ಕಿವಿ. ಅವರು ನಿಧಾನವಾಗಿ ಒಂದು ಸಾಲು ಓದುತ್ತಾರೆ. ದನಿ ಎಲ್ಲಿ ಉದ್ದವಾಗುತ್ತದೋ ಅಲ್ಲಿ ಕೇಳುವವರು ಒಂದೊಂದೇ ಬೆರಳು ಮಡಚಬೇಕು. ಸಾಧಾರಣ ಎಳೆತಕ್ಕೆ ಎರಡು ಬೆರಳು. ಒಂದೇ ಮಡಚಿದರೆ ಕಡಿಮೆಯಾಯಿತು, ಮೂರಾದರೆ ಹೆಚ್ಚಾಯಿತು.

"ಅಷ್ಟು ಚೂರು ಎಳೆಯೋದ್ರಲ್ಲಿ ಏನಿದೆ ಆಪಾ?" ಎಂದಳು ಒಗೆಯುವ ಯಂತ್ರ ನೋಡಿಕೊಳ್ಳುವವಳು.

"ಸೊಸೆ ಅತ್ತೇನ ಕಾಡಿದಳು ಅನ್ನೋದಕ್ಕೂ ಕಡಿದಳು ಅನ್ನೋದಕ್ಕೂ ಎಷ್ಟು ಎಳೆತ ವ್ಯತ್ಯಾಸ?"

"ನಮ್ಮನೇಲಿ ಎರಡೂ ನಡೆಯುತ್ತೆ ಬಿಡಿ."

ನಗು ಎದ್ದು ಬೇಗನೆ ಇಳಿಯಿತು. ನಗಲೂ ಯಾರಲ್ಲೂ ಶಕ್ತಿ ಇರಲಿಲ್ಲ. ಆಪಾ ಮುಂದುವರಿಸಿದರು: "ಈ ಮಾತು ಬಂದದ್ದು ಬಾಯಿಂದ ಕಿವಿಗೆ, ಆ ಕಿವಿಯವರ ಬಾಯಿಂದ ಇನ್ನೊಂದು ಕಿವಿಗೆ. ಎಲ್ಲರೂ ಅವರವರ ನಾಲಿಗೆ ರೂಢಿಯನ್ನ ಒಂದೊಂದು ಚೂರು ಸೇರಿಸಿದ್ದರೆ ನಮಗೆ ಏನು ಉಳೀತಿತ್ತು? ನಿಯಮ ಅಂದರೆ ಇಷ್ಟೇ. ಕೈಗೆ ಬಂದದ್ದನ್ನ ಬಂದ ಹಾಗೇ ದಾಟಿಸೋದು."

ಬಾಗಿಲ ಪಕ್ಕದಲ್ಲಿ ಕೂತಿದ್ದ ಇಸ್ತ್ರಿಯವಳು ಮಾತ್ರ ನಕ್ಕಿರಲಿಲ್ಲ. ಅವಳ ಮೊಣಕೈವರೆಗೆ ಹಬೆಯ ಸುಟ್ಟ ಕಲೆಗಳಿದ್ದವು. ಎಲ್ಲರೂ ಎದ್ದು ಹೋದ ಮೇಲೆ ಅವಳು ಕುರ್ಚಿಯ ಹತ್ತಿರ ಬಂದಳು.

"ಆಪಾ, ನಾಳೆಯಿಂದ ನಾನು ಬರಲ್ಲ."

"ಕಾಲು ನೋವಾ?"

"ಅತ್ತೆ."

ಅವಳ ಅತ್ತೆಯ ವಿಷಯ ಆಪಾಗೆ ಗೊತ್ತಿತ್ತು. ಅಕ್ಷರ ಬಾರದ ಹೆಂಗಸು, ಆದರೆ ಚಿಕ್ಕಂದಿನಲ್ಲೇ ಕೇಳಿ ಕಲಿತ ಎಷ್ಟೋ ಅಧ್ಯಾಯಗಳು ಬಾಯಲ್ಲಿದ್ದವು. ಲಕ್ವ ಹೊಡೆದ ಮೇಲೆ ಮಾತೂ ಹೋಯಿತು, ಎಡಗೈಯೂ ಹೋಯಿತು. ಸೊಸೆ ಈ ತರಗತಿಗೆ ಸೇರಿದ್ದೇ ಅವರ ಮಂಚದ ಪಕ್ಕ ಕೂತು ಓದಲೆಂದು.

"ನಾನು ಬಾಯಿ ತೆಗೆದರೆ ಸಾಕು, ಬಲಗೈ ಉಂಗುರದಲ್ಲಿ ಮಂಚದ ಕಂಬೀನ ಟಕ್ ಅನ್ನಿಸ್ತಾರೆ. ತಪ್ಪು, ತಪ್ಪು, ತಪ್ಪು. ನಾಲ್ಕೇ ಸಾಲಿನ ಅಧ್ಯಾಯ ಆಪಾ, ಮಕ್ಕಳೂ ಓದ್ತಾರೆ. ಅದಕ್ಕೂ ಟಕ್ ಟಕ್. ಹಗಲೆಲ್ಲ ಮೇಸ್ತ್ರಿ ಕೈಲಿ ಬೈಸಿಕೊಂಡು ಹೋಗಿ, ಮನೇಲಿ ಉಂಗುರದ ಕೈಲೂ ಬೈಸಿಕೊಳ್ಳೋಕೆ ನನ್ನ ಕೈಲಾಗಲ್ಲ. ಅವರಿಗೆ ಉಚ್ಚೆ ಬಟ್ಟೆ ಬದಲಾಯಿಸ್ತೀನಿ, ಊಟ ತಿನ್ನಿಸ್ತೀನಿ. ಓದೋದು ಮಾತ್ರ ಬಿಟ್ಟುಬಿಡ್ತೀನಿ."

"ಬಿಟ್ಟರೆ ಅವರಿಗೆ?"

"ಓದೋಕೆ ಕೂತಾಗ ಮಾತ್ರ ಕಣ್ಣು ಬಿಡ್ತಾರೆ. ಬೇರೆ ಹೊತ್ತು ಗೋಡೆ ಕಡೆ ಮುಖ."

ಆಪಾ ಮಂಡಿ ಉಜ್ಜಿಕೊಂಡರು.

"ಬಿಡೋದಾದ್ರೆ ಬಿಡು. ಆದರೆ ಬಿಡೋ ಮುಂಚೆ ಒಂದು ಪಾಠ ಮುಗಿಸು. ಇವತ್ತು ನೀನು ಓದಬೇಡ. ಫೋನಿನಲ್ಲಿ ಆ ನಿಧಾನವಾಗಿ ಕುರಾನ್ ಓದೋರದ್ದು ಹಾಕು. ಅತ್ತೆ ಕೈ ಪಕ್ಕ ಕಂಬಿ ಮೇಲೆ ನಿನ್ನ ಕೈಯೂ ಇಡು. ಕಣ್ಣು ಮುಚ್ಚಿ ಇಲ್ಲಿ ಮಾಡಿದ ಹಾಗೇ ಬೆರಳು ಮಡಚು. ಅಷ್ಟೇ."

"ಅದರಿಂದೇನಾಗುತ್ತೆ?"

"ನಂಗೇನು ಗೊತ್ತು. ಕೇಳಿದ ಮೇಲೆ ನೀನೇ ಹೇಳು."

ಮನೆಗೆ ಹೋಗಿ ಅನ್ನಕ್ಕಿಟ್ಟು, ಅತ್ತೆಯ ಮೈ ಒರೆಸಿ, ಹಾಳಾಗಿ ಹೋಗಲಿ ಎಂದುಕೊಂಡೇ ಅವಳು ಫೋನು ಹಚ್ಚಿದಳು. ಕಬ್ಬಿಣದ ಕಂಬಿ ತಣ್ಣಗಿತ್ತು. ಅತ್ತೆ ಗೋಡೆಯಿಂದ ಮುಖ ತಿರುಗಿಸಿದರು.

ಫೋನಿನಲ್ಲಿ ಅದೇ ನಾಲ್ಕು ಸಾಲಿನ ಅಧ್ಯಾಯ ಶುರುವಾಯಿತು. ದೇವರ ಹೆಸರಿನ ನಡುವಿನ ಎಳೆತ ಬಂತು.

ಟಕ್, ಟಕ್.

ಇಸ್ತ್ರಿಯವಳು ಕಣ್ಣು ತೆರೆದಳು. ಅಲ್ಲ, ಇಷ್ಟು ದೊಡ್ಡ ಓದುಗಾರರಿಗೂ ತಪ್ಪು ಹಿಡಿಯುತ್ತಾರಲ್ಲ ಈ ಮುದುಕಿ. ಅವಳಿಗೆ ನಗುವೂ ಬಂತು, ಸಿಟ್ಟೂ ಬಂತು. ಮತ್ತೆ ಮೊದಲಿಂದ ಹಾಕಿ ಕಣ್ಣು ಮುಚ್ಚಿದಳು. ಎಳೆತ ಬಂದಾಗ ಬೆರಳು ಮಡಚಿದಳು, ಒಂದು, ಇನ್ನೊಂದು. ಅವಳ ಬೆರಳಿನ ಜೊತೆಜೊತೆಗೇ ಕಂಬಿ ಅದಿರಿತು, ಒಂದು, ಇನ್ನೊಂದು. ಎಳೆತ ಇಲ್ಲದ ಕಡೆ ಉಂಗುರ ಸುಮ್ಮನಿತ್ತು. ಕೊನೆಯ ಸಾಲಿನ ಎಳೆತಕ್ಕೆ ಮತ್ತೆ ಎರಡು.

ಅದು ಬೈಗುಳವಲ್ಲ, ಲೆಕ್ಕ. ಆಪಾ ಹೇಳಿಕೊಡುವ ಅದೇ ಲೆಕ್ಕ. ದಿನವಿಡೀ ಚಾದರ ಒತ್ತಿ ಮಡಿಸಿ ಎಸೆಯುವ ಕೈಯ ಓಟ ಅವಳ ನಾಲಿಗೆಗೂ ಅಂಟಿತ್ತು. ಎಳೆಯಬೇಕಾದಲ್ಲಿ ಎಳೆಯದೆ ಅವಳು ಮುಂದಕ್ಕೆ ಓಡುತ್ತಿದ್ದಳು. ಎರಡನೆಯ ಟಕ್ ಬೀಳುವ ಹೊತ್ತಿಗೆ ಮುಂದಿನ ಮಾತಿನಲ್ಲಿರುತ್ತಿದ್ದಳು, ಅದಕ್ಕೇ ಅದು ಬೆನ್ನಿಗೆ ಬಿದ್ದ ಏಟಿನಂತೆ ಕೇಳುತ್ತಿತ್ತು. ನಿಲ್ಲು ಮಗಳೇ, ಇಲ್ಲಿ ಇಷ್ಟು ಹೊತ್ತು ನಿಲ್ಲು ಎಂದು ಹೇಳಲು ಆ ಬಾಯಿಗೆ ಆಗುತ್ತಿರಲಿಲ್ಲ.

ಅವಳು ಫೋನು ಆರಿಸಿದಳು. ಕಾಲು ಜೋಮು ಹಿಡಿದಿತ್ತು. ಒಲೆಯ ಮೇಲೆ ಅನ್ನ ತಳ ಹಿಡಿಯುವ ವಾಸನೆ ಬಂತು, ಎದ್ದು ಆರಿಸಿ ಬಂದು ಮತ್ತೆ ಕೂತಳು.

"ಅತ್ತೆ, ನಾನು ಓದ್ಲಾ?"

ಅತ್ತೆಯ ಬಲಗೈ ಕಂಬಿಯ ಮೇಲೇ ಇತ್ತು.

ಅವಳು ಓದಿದಳು. ಎಳೆತದಲ್ಲಿ ಉಂಗುರ ಬೀಳುವವರೆಗೆ ದನಿ ಎಳೆದಳು, ಎರಡನೆಯ ಟಕ್ ಬಿದ್ದ ಮೇಲೆಯೇ ಮುಂದೆ ಹೋದಳು. ಮೊದಲ ಸಾಲಿನ ಕೊನೆಯ ಮಾತು, ಒಬ್ಬನೇ ಎಂಬ ಅರ್ಥದ ಅಹದ್, ಬಂತು. ಅವಳು ನಿಲ್ಲಿಸಿದಳು.

ಟಕ್.

ಒಂದೇ, ಜೋರಾಗಿ. ಇಲ್ಲಿ ಎಳೆತ ಇರಲಿಲ್ಲ. ಇದು ಮಾತ್ರ ನಿಜವಾದ ತಪ್ಪು. ನಿನ್ನೆಯಾಗಿದ್ದರೆ ಪುಸ್ತಕ ಮುಚ್ಚಿ ಎದ್ದುಬಿಡುತ್ತಿದ್ದಳು.

ಅವಳು ಯೋಚಿಸಿದಳು. ಹೋದ ವಾರ ಆಪಾ ಒಂದು ಸ್ಟೀಲ್ ಲೋಟವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಚಮಚದಿಂದ ಹೊಡೆದಿದ್ದರು, ಸದ್ದು ಅಲ್ಲೇ ಸತ್ತಿತ್ತು. ಆಮೇಲೆ ಬೆರಳ ತುದಿಯಲ್ಲಿ ಎತ್ತಿ ಹೊಡೆದಿದ್ದರು, ಸಣ್ಣಗೆ ಪುಟಿದಿತ್ತು. "ಕೊನೇಲಿ ದಾಲ್, ಅಂದ್ರೆ ದ ಅಕ್ಷರ, ಬಂದು ನಿಲ್ಲಿಸಿದಾಗ ಹೀಗೆ ಪುಟೀಬೇಕು. ನುಂಗಬಾರದು. ಬಸ್ಸು, ಕಾರು ಅಂದ ಹಾಗೆ ಉ ಅಂತ ಬಾಲಾನೂ ಅಂಟಿಸಬಾರದು. ನಮ್ಮ ನಾಲಿಗೆಗೆ ಬಾಲ ಇಲ್ಲದ ಮಾತು ಕಂಡರೆ ಆಗೋದೇ ಇಲ್ಲ."

"ಬಾಲ ಬಂತಾ ಅತ್ತೆ? ಅಹದು ಅಂದುಬಿಟ್ನಾ?"

ಅತ್ತೆಯ ಬಾಯಿಯ ಸರಿಯಿದ್ದ ಬದಿ ಚೂರು ಮೇಲೆದ್ದಿತು. ಎಷ್ಟೋ ತಿಂಗಳ ಮೇಲೆ.

ಅವಳು ಮತ್ತೆ ಓದಿದಳು. ಈ ಸಲ ಮಾತಿನ ಕೊನೆಯನ್ನು ನುಂಗಿಬಿಟ್ಟಳು. ಟಕ್. ಇನ್ನೊಮ್ಮೆ ಓದಿದಳು, ಬಾಲ ಬಂತು. ಟಕ್. ಗಂಟಲು ಒಣಗಿತು. ನೀರು ಕುಡಿದು, ನಾಲಿಗೆಯ ತುದಿಯನ್ನು ಹಲ್ಲಿನ ಬುಡಕ್ಕೆ ಒತ್ತಿ, ಲೋಟದ ಸದ್ದು ಪುಟಿದ ಹಾಗೆ ಬಿಟ್ಟಳು.

ಕಂಬಿ ಸುಮ್ಮನಿತ್ತು.

ಅವಳು ಕಾದಳು. ಸದ್ದಿಲ್ಲ. ತಿರುಗಿ ನೋಡಿದರೆ ಅತ್ತೆ ನಿದ್ದೆ ಹೋಗಿರಲಿಲ್ಲ. ಉಂಗುರದ ಬೆರಳು ಕಂಬಿಯಿಂದ ಚೂರೇ ಮೇಲೆ ಎದ್ದು ನಿಂತಿತ್ತು, ಮುಂದಿನ ಸಾಲಿಗಾಗಿ.

"ಅನ್ನ ಹೊತ್ತಿದೆ ಅತ್ತೆ, ನಂಗೆ ಸೊಂಟ ಬಿದ್ದುಹೋಗಿದೆ," ಎಂದಳು ಇಸ್ತ್ರಿಯವಳು. "ನಾಳೆ ಆಪಾ ಹತ್ರ ಮಿಕ್ಕ ಸಾಲು ಸರಿ ಮಾಡಿಸಿಕೊಂಡು ಬರ್ತೀನಿ."

ಬೆರಳು ಇಳಿಯಲಿಲ್ಲ.

"ಆಯ್ತು. ಇನ್ನೊಂದು ಸಾಲು ಮಾತ್ರ," ಎಂದು ಅವಳು ಕಾಲು ಚಾಚಿ, ಬೆನ್ನನ್ನು ಗೋಡೆಗೆ ಕೊಟ್ಟು, ಉಸಿರು ತುಂಬಿಕೊಂಡಳು.