ಹನ್ನೊಂದು ಪಂದ್ಯಕ್ಕೆ ಇಪ್ಪತ್ತಮೂರು

"ಇಪ್ಪತ್ತೆಂಟು ದೊಡ್ಡದೋ, ಇಪ್ಪತ್ತಮೂರು ದೊಡ್ಡದೋ? ಒಂದನೇ ಕ್ಲಾಸಿನ ಮಗೂನ ಕರೆದು ಕೇಳು," ಅಂದ ಅಣ್ಣ.

ಫುಟ್‌ಬಾಲ್ ಲೀಗಿನ ಕಾರ್ಯದರ್ಶಿಯಾಗಿದ್ದ ತಂಗಿ ಲೆಕ್ಕದ ಹಾಳೆಯನ್ನು ಮತ್ತೆ ಅವನ ಮುಂದೆ ತಳ್ಳಿದಳು. ಬೆಳಗ್ಗೆಯಿಂದ ಅದೇ ಲೆಕ್ಕ ಹೇಳಿ ಹೇಳಿ ಅವಳ ಬಾಯಿ ಒಣಗಿತ್ತು. ಕ್ರೀಡಾಂಗಣದ ಮೆಟ್ಟಿಲ ಕೆಳಗಿನ ಕೋಣೆ, ಒದ್ದೆ ಬೂಟುಗಳ ವಾಸನೆ, ಕುಂಟುವ ಮೇಜು. ಮೇಜಿನ ಆಚೆ ಅಧ್ಯಕ್ಷರು. ಒಂದು ಕಾಲದಲ್ಲಿ ರೆಫರಿಯಾಗಿದ್ದವರು, ಈಗಲೂ ಎಲ್ಲರ ಬಾಯಲ್ಲಿ ಅವರ ಅಡ್ಡಹೆಸರು ದೊಡ್ಡ ಶಿಳ್ಳೆ. ಪಕ್ಕದಲ್ಲಿ ಬಂದರು ತಂಡದ ಕೋಚ್, ಕೈ ಕಟ್ಟಿ, ಗೋಡೆ ನೋಡುತ್ತ.

ಲೀಗಿನಲ್ಲಿ ಎಂಟು ತಂಡ, ಒಂದೊಂದಕ್ಕೆ ಹದಿನಾಲ್ಕು ಪಂದ್ಯ. ಗೆದ್ದರೆ ಮೂರು ಅಂಕ, ಸಮವಾದರೆ ಒಂದು. ಮೊದಲು ಬಂದ ಒಂದೇ ತಂಡ ಮೇಲಿನ ದರ್ಜೆಗೆ ಹೋಗುತ್ತದೆ. ಅಣ್ಣ ಕೋಚ್ ಆಗಿದ್ದ ಗಿರಣಿ ತಂಡ ಹದಿನಾಲ್ಕನ್ನೂ ಆಡಿ ಇಪ್ಪತ್ತೆಂಟು ಅಂಕ ಗಳಿಸಿತ್ತು. ಬಂದರಿನವರ ಮೈದಾನ ಮಳೆಗೆ ಮುಳುಗಿ ಮುಳುಗಿ, ಮುಂದೂಡಿದ ಪಂದ್ಯಗಳು ನಡೆಯದೆಯೇ ಉಳಿದವು. ಅವರು ಪೂರ್ತಿ ಆಡಿದ್ದು ಹನ್ನೊಂದೇ, ಅಂಕ ಇಪ್ಪತ್ತಮೂರು. ನಾಳೆಯಿಂದ ಮೈದಾನಗಳೆಲ್ಲ ದುರಸ್ತಿಗೆ ಮುಚ್ಚುತ್ತವೆ. ಇನ್ನು ಆಟವಿಲ್ಲ, ಭಾಗಾಕಾರ ಮಾತ್ರ.

"ಅಣ್ಣಾ, ಅಂಕಾನ ಆಡಿದ ಪಂದ್ಯದಿಂದ ಭಾಗಿಸೋದು ಅಂತ ಲೀಗಿನ ನಡುವೆ ತೀರ್ಮಾನ ಆಯ್ತಲ್ಲ. ಆಗ ಮೊದಲು ಕೈ ಎತ್ತಿದ್ದು ನೀನೇ."

"ಆಗ ನಮ್ಮ ಹುಡುಗರಿಗೆ ಜ್ವರ. ನಮ್ಮ ಪಂದ್ಯಗಳು ಬಾಕಿ ಇದ್ದವು."

"ಈಗ ಅವರ ಪಂದ್ಯಗಳು ಬಾಕಿ ಇವೆ. ನಿನ್ನದು ಪಂದ್ಯಕ್ಕೆ ಎರಡು. ಅವರದು ಎರಡು ಪಾಯಿಂಟ್ ಸೊನ್ನೆ ಒಂಬತ್ತು."

"ಆ ಸೊನ್ನೆ ಒಂಬತ್ತನ್ನ ತಗೊಂಡು ಹೋಗಿ ಗಿರಣಿ ಆಡಳಿತದವರಿಗೆ ತೋರಿಸ್ಲಾ? ಮೇಲೆ ಹೋಗದಿದ್ರೆ ಬೇರೆ ಕೋಚ್‌ನ ನೋಡ್ಕೋತೀವಿ ಅಂತ ಮುಖಕ್ಕೇ ಹೇಳಿದಾರೆ."

ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೇ ರಾತ್ರಿಯೆಲ್ಲ ಲೆಕ್ಕ ತಿರುವಿ ಹಾಕಿದ್ದಳು. ಲೆಕ್ಕ ಮಾತ್ರ ಜಗ್ಗಲಿಲ್ಲ.

ದೊಡ್ಡ ಶಿಳ್ಳೆಯವರು ಗಂಟಲು ಸರಿ ಮಾಡಿಕೊಂಡರು. "ನೋಡಮ್ಮಾ, ಒಂದು ದಾರಿ ಇದೆ. ಬಂದರಿನವರ ಒಂದು ಪಂದ್ಯ ಅರ್ಧಕ್ಕೆ ನಿಂತಿತ್ತಲ್ಲ, ನೀರು ತುಂಬಿ? ಅದನ್ನೂ ಆಡಿದ್ದು ಅಂತ ಹಿಡಿ. ಹನ್ನೆರಡು ಆಗುತ್ತೆ. ಇಪ್ಪತ್ತಮೂರನ್ನ ಹನ್ನೆರಡರಿಂದ ಭಾಗಿಸಿದ್ರೆ ಎರಡಕ್ಕಿಂತ ಕಮ್ಮಿ. ಮನೆಮಂದಿ ನೆಮ್ಮದಿಯಾಗಿರ್ತೀರಿ."

ಅಣ್ಣನ ಮುಖ ಅರಳಿತು. ಅವಳಿಗೆ ಮೈ ಉರಿಯಿತು.

"ಸರ್, ಅರ್ಧಕ್ಕೆ ನಿಂತದ್ದು ಮತ್ತೆ ಆಡೋವರೆಗೂ ಲೆಕ್ಕಕ್ಕಿಲ್ಲ ಅಂತ ನಿಯಮ ಬರೆಸಿದ್ದೇ ನೀವು. ಸರಿ, ಹಿಡಿಯೋಣ. ಆಟ ನಿಂತಾಗ ಸೊನ್ನೆ-ಸೊನ್ನೆ ಇತ್ತು. ಪಂದ್ಯ ಎಣಿಸಿದ ಮೇಲೆ ಸಮದ ಒಂದು ಅಂಕಾನೂ ಕೊಡಬೇಕಲ್ಲ? ಇಪ್ಪತ್ನಾಲ್ಕು, ಹನ್ನೆರಡು. ಸರಿಯಾಗಿ ಎರಡು. ಇಬ್ಬರೂ ಸಮ."

"ಸಮ ಆದ್ರೆ ಗೋಲಿನ ಅಂತರ!" ಅಣ್ಣ ಮೇಜು ಬಡಿದ. "ನಮ್ಮದು ಹದಿನೈದು, ಅವರದು ಹದಿನಾಲ್ಕು. ಮುಗೀತು."

"ನಿನ್ನ ಹದಿನೈದು ಬಂದದ್ದು ಹದಿನಾಲ್ಕು ಪಂದ್ಯಕ್ಕೆ. ಅವರ ಹದಿನಾಲ್ಕು, ಹನ್ನೆರಡಕ್ಕೆ. ಅಂಕ ಭಾಗಿಸಿ ಗೋಲು ಭಾಗಿಸದೆ ಬಿಡೋಕಾಗುತ್ತಾ? ಆಗಲೂ ಅವರೇ ಮೇಲೆ."

"ನೀನು ನನ್ನ ತಂಗೀನಾ, ಬಂದರಿನ ವಕೀಲಳಾ?"

ಬಂದರಿನ ಕೋಚ್ ಆಗ ಬಾಯಿ ಬಿಟ್ಟ. "ನಮಗೇನು ಸಂತೋಷಾನಾ? ಮೂರು ಪಂದ್ಯ ಆಡಿ ಗೆಲ್ಲೋಣ ಅಂದ್ರೆ ಮೈದಾನ ಇಲ್ಲ. ನಾಳೆ ಊರೆಲ್ಲ ಕಾಗದದ ಮೇಲೆ ಗೆದ್ದೋರು ಅಂತ ಆಡ್ಕೊಳ್ತಾರೆ."

ಗೆದ್ದವರಿಗೂ ಸಮಾಧಾನವಿಲ್ಲ. ಅವಳಿಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತೋಚಲಿಲ್ಲ. ಹನ್ನೊಂದು ಪಂದ್ಯ, ಇಪ್ಪತ್ತಮೂರು ಅಂಕ ಎಂದು ಬರೆದು ಬಂದರನ್ನು ಮೊದಲ ಸಾಲಿಗೆ ಹಾಕಿದಳು. ಸಹಿ ಮಾಡಿದಳು. ದೊಡ್ಡ ಶಿಳ್ಳೆಯವರು ಯಾವ ಸಾಲನ್ನೂ ಓದದೆ ಸಹಿ ಎಳೆದು ಕೊಡೆ ಹುಡುಕತೊಡಗಿದರು.

ಹೊರಗಿನ ಫಲಕಕ್ಕೆ ಪಟ್ಟಿ ಅಂಟಿಸುವಷ್ಟರಲ್ಲಿ ಆಟಗಾರರು ಮುತ್ತಿಕೊಂಡರು.

"ಮೇಡಂ, ತಪ್ಪಾಗಿದೆ. ಇಪ್ಪತ್ತೆಂಟು ಕೆಳಗಿದೆ," ಎಂದ ಗಿರಣಿಯ ಗೋಲ್‌ಕೀಪರ್.

ಅವಳು ಬಾಯಿ ತೆರೆದಳು. ಮತ್ತೆ ಮೊದಲಿನಿಂದ ಹೇಳಬೇಕಿತ್ತು.

"ತಪ್ಪಿಲ್ಲ ಕಣೋ," ಹಿಂದಿನಿಂದ ಅಣ್ಣನ ದನಿ ಬಂತು, ಗೊಗ್ಗರಾಗಿ. "ಆಡಿದ ಪಂದ್ಯದಿಂದ ಭಾಗಿಸು. ಬರಲ್ವಾ ಭಾಗಾಕಾರ?"

ಅವಳು ತಿರುಗಿದಳು. ಅವನು ಅವಳ ಮುಖ ನೋಡಲಿಲ್ಲ. ಬೈಕಿನ ಕೀಲಿ ತೆಗೆದು, ಎರಡು ಹೆಜ್ಜೆ ನಡೆದು ನಿಂತ.

"ಮನೇಲಿ ಅತ್ತಿಗೆಗೆ ನೀನೇ ಹೇಳು. ನನ್ನ ಕೈಲಾಗಲ್ಲ."

ಬೈಕು ಗೇಟು ದಾಟಿತು. ಅವಳು ಫೋನ್ ತೆಗೆದು ಅತ್ತಿಗೆಯ ನಂಬರ್ ಒತ್ತಿದಳು. ಆ ಕಡೆ ರಿಂಗ್ ಆಗುವಾಗ, ಏನೆಂದು ಶುರುಮಾಡುವುದು ಎಂದು ಯೋಚಿಸಿದಳು. ಪಂದ್ಯಕ್ಕೆ ಎರಡು ಅಂಕ ಎಂದೋ, ಕೆಲಸ ಹೋಯಿತು ಎಂದೋ.

"ಹೇಳಮ್ಮಾ, ಗೆದ್ರಾ?" ಅಂದಳು ಅತ್ತಿಗೆ.