ತಿದ್ದಿದ ತಾರೀಖಿನ ಪಕ್ಕದ ಸಹಿ

ನಮ್ಮ ಬಸ್ ಡಿಪೋದಲ್ಲಿ ರಜೆ ನೋಡಿಕೊಳ್ಳುವ ಗುಮಾಸ್ತೆ ನಾನು. ಹದಿನೆಂಟು ವರ್ಷದಲ್ಲಿ ಎಷ್ಟು ಮೆಡಿಕಲ್ ಸರ್ಟಿಫಿಕೇಟ್ ನೋಡಿದ್ದೇನೆಂದರೆ, ಡಾಕ್ಟರ ಕೈಬರಹ ಓದುವುದನ್ನು ಔಷಧಿ ಅಂಗಡಿಯವರಿಗೇ ಹೇಳಿಕೊಡಬಲ್ಲೆ. ತಾರೀಖು ತಿದ್ದಿ ನನ್ನ ಕಣ್ಣಿಗೆ ಮಣ್ಣೆರಚಿದವರು ಇನ್ನೂ ಹುಟ್ಟಿಲ್ಲ. ಜಂಬ ಎಂದರೆ ಜಂಬವೇ.

ಆದರೆ ಆ ಸೋಮವಾರ ನಿಧಾನಿ ಕೊಟ್ಟ ಕಾಗದ ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಿಧಾನಿ ಎಂಬುದು ನಮ್ಮ ಹಿರಿಯ ಡ್ರೈವರಿಗೆ ಡಿಪೋದವರು ಇಟ್ಟ ಅಡ್ಡಹೆಸರು. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿ ಒಂದು ಪಕ್ಕದ ಕನ್ನಡಿಯನ್ನೂ ಒಡೆಯದ ಮನುಷ್ಯ. ಡಾಕ್ಟರು ಬರೆದಿದ್ದು 12ರಿಂದ 13ರವರೆಗೆ ಜ್ವರ, 14ರಿಂದ ಕೆಲಸಕ್ಕೆ ಬರಬಹುದು ಎಂದು. ಇವರು ಬಂದದ್ದು 19ಕ್ಕೆ. ಹಾಗಾಗಿ ಮೂರು ಎಂಟಾಗಿತ್ತು, ನಾಲ್ಕು ಒಂಬತ್ತಾಗಿತ್ತು.

ಅಷ್ಟೇ ಆಗಿದ್ದರೆ ಹತ್ತರಲ್ಲಿ ಹನ್ನೊಂದು. ತಿದ್ದಿದ ಎರಡೂ ಕಡೆ ಪಕ್ಕದಲ್ಲಿ ನಿಧಾನಿಯ ಚಿಕ್ಕ ಸಹಿ ಇತ್ತು. ಬಸ್ಸಿನ ಓಟದ ಲೆಕ್ಕ ಬರೆಯುವ ಲಾಗ್‌ಶೀಟಿನಲ್ಲಿ ಅಂಕಿ ತಿದ್ದಿದರೆ ಪಕ್ಕದಲ್ಲಿ ಸಹಿ ಹಾಕಬೇಕೆಂಬುದು ನಮ್ಮ ಡಿಪೋದ ನಿಯಮ. ಇಪ್ಪತ್ತೆರಡು ವರ್ಷದ ಅಭ್ಯಾಸ, ಕೈ ತಾನಾಗಿ ಹಾಕಿಬಿಟ್ಟಿದೆ. ಕಳ್ಳತನ ಮಾಡಿ ವಿಳಾಸ ಬರೆದಿಟ್ಟು ಹೋದ ಹಾಗೆ.

“ಏನಣ್ಣ ಇದು?” ಎಂದು ಕಾಗದ ತಿರುಗಿಸಿ ಹಿಡಿದೆ.

ಅವರು ಕನ್ನಡಕ ಹಾಕಿಕೊಂಡು ನೋಡಿದರು. ತಮ್ಮ ಸಹಿ ಅವರಿಗೆ ಕಂಡದ್ದೇ ಆಗ.

“ಜ್ವರ ಎರಡೇ ದಿನ ತಂಗಿ. ಆಮೇಲೆ ಮಗಳ ರಿಸಲ್ಟ್ ಬಂತು. ಫೇಲ್. ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿಬಿಟ್ಳು. ತಾಯಿ ಇಲ್ಲದ ಮಗು, ಒಬ್ಬಳನ್ನೇ ಬಿಟ್ಟು ಬರೋಕೆ ಧೈರ್ಯ ಆಗ್ಲಿಲ್ಲ. ಇವತ್ತು ಅವಳ ಸೋದರತ್ತೆ ಬಂದ್ಮೇಲೆ ಹೊರಟೆ. ಮಗಳು ಫೇಲಾದ್ಳು, ರಜೆ ಕೊಡಿ ಅಂದ್ರೆ ಯಾರಾದ್ರೂ ನಗಲ್ವಾ?”

ನನಗೆ ಸಿಟ್ಟು ನೆತ್ತಿಗೇರಿತು. ಅವರ ರಜೆ ಲೆಕ್ಕದ ಪುಟ ತೆಗೆದು ಮುಂದಿಟ್ಟೆ. ಎಂಬತ್ತಾರು ದಿನದ ಗಳಿಕೆ ರಜೆ ಹಾಗೇ ಬಿದ್ದಿತ್ತು.

“ಹದಿನಾಲ್ಕನೇ ತಾರೀಖು ಡ್ಯೂಟಿಗೆ ಮೊದಲು ಒಂದು ಫೋನ್ ಮಾಡಿ, ಮನೇಲಿ ತೊಂದರೆ ಇದೆ, ಐದು ದಿನ ಬೇಕು ಅಂದಿದ್ರೆ ಮ್ಯಾನೇಜರ್ ಬೇಡ ಅಂತಿದ್ರಾ? ಮಗಳ ವಿಷಯ ಊರಿಗೆಲ್ಲ ಸಾರಬೇಕಾಗಿರ್ಲಿಲ್ಲ. ಬಂದ್ಮೇಲೆ ಅರ್ಜಿ ಕೊಟ್ಟಿದ್ರೆ ಮುಗೀತಿತ್ತು. ಈಗ ಇದು ಸುಳ್ಳು ದಾಖಲೆ. ಆಸ್ಪತ್ರೆಗೆ ಒಂದು ಪತ್ರ ಬರೆದು ಕೇಳಿದ್ರೆ, ಅವರ ರಿಜಿಸ್ಟರಲ್ಲಿ ಹದಿಮೂರು ಅಂತಾನೇ ಇರುತ್ತೆ. ಕೆಲಸ ಹೋಗಬಹುದು, ಪೊಲೀಸ್ ಕೇಸೂ ಆಗಬಹುದು.”

ಬೈದದ್ದಾಯಿತು. ಆಮೇಲೆ ಪಾಪ ಅನಿಸಿತು. ಕಾಗದ ಇನ್ನೂ ರಿಜಿಸ್ಟರಿಗೆ ಏರಿರಲಿಲ್ಲ. ಮಡಿಸಿ ಅವರ ಕಡೆ ತಳ್ಳಿದೆ.

“ನಾನು ನೋಡಿಲ್ಲ. ಹರಿದುಹಾಕಿ. ಎರಡು ದಿನಕ್ಕೆ ಡಾಕ್ಟರ ಹತ್ರ ಇನ್ನೊಂದು ಬರೆಸ್ಕೊಳ್ಳಿ, ಉಳಿದ ಐದು ದಿನಕ್ಕೆ ನಿಜ ಬರೆದು ಅರ್ಜಿ ಕೊಡಿ.”

ಬೇರೆಯವರಾಗಿದ್ದರೆ ಕಾಲಿಗೆ ಬೀಳುತ್ತಿದ್ದರು. ನಿಧಾನಿ ಕಾಗದವನ್ನು ಬಿಡಿಸಿ ಸರಿಮಾಡಿದರು.

“ಮೊದಲಿನದು ಎಲ್ಲಿ ಅಂತ ಡಾಕ್ಟರು ಕೇಳಿದ್ರೆ ಅವರಿಗೂ ಒಂದು ಸುಳ್ಳು ಹೇಳ್ಬೇಕಲ್ಲ ತಂಗಿ. ಆಗಿದ್ದು ಆಯ್ತು, ಎದ್ದು ಎದುರಿಸು ಅಂತ ಐದು ದಿನದಿಂದ ಮಗಳಿಗೆ ಹೇಳ್ತಾ ಇರೋನು ನಾನು.”

ಹಾಗೆಂದು ನೇರವಾಗಿ ಮ್ಯಾನೇಜರ್ ಕೋಣೆಗೆ ಹೋದರು. ಹತ್ತು ನಿಮಿಷದ ಮೇಲೆ ನನಗೂ ಕರೆ ಬಂತು. ಮೇಜಿನ ಮೇಲೆ ಅದೇ ಕಾಗದ. ನಿಧಾನಿ ನೆಲ ನೋಡುತ್ತ ನಿಂತಿದ್ದರು. ನನ್ನ ಹೆಸರು ಎತ್ತಿರಲಿಲ್ಲ ಎಂಬುದು ಮ್ಯಾನೇಜರ್ ಪ್ರಶ್ನೆಯಿಂದಲೇ ಗೊತ್ತಾಯಿತು.

“ಇದನ್ನ ನೀವು ನೋಡಿದ್ರಾ?”

‘ಇಲ್ಲ’ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಒಂದೇ ಪದ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅನ್ನದ ತಟ್ಟೆಯನ್ನೇ ಪಣಕ್ಕಿಟ್ಟು ನಿಂತ ಆ ಮನುಷ್ಯನ ಪಕ್ಕದಲ್ಲಿ ನಿಂತು ಆ ಪದ ಹೇಳಲು ನನಗೆ ನಾಚಿಕೆಯಾಯಿತು.

“ನೋಡಿದ್ದೆ ಸರ್. ಹರಿದುಹಾಕಿ ಅಂದೋಳು ನಾನೇ.”

ಮ್ಯಾನೇಜರ್ ಕಾಗದವನ್ನು ಫೈಲಿಗೆ ಸೇರಿಸಿದರು. “ಆರೋಪಪಟ್ಟಿ ಕೊಡಲೇಬೇಕು, ಅದನ್ನ ನಾನು ತಪ್ಪಿಸೋಕಾಗಲ್ಲ. ಆದರೆ ತಾವಾಗೇ ತಂದುಕೊಟ್ರು ಅಂತ ನಾನೇ ಬರೀತೀನಿ” ಎಂದರು.

ವಿಚಾರಣೆ ಎರಡು ತಿಂಗಳು ನಡೆಯಿತು. ನಿಧಾನಿಗೆ ಆ ಐದು ದಿನದ ಸಂಬಳ ಸಿಗಲಿಲ್ಲ, ಒಂದು ವರ್ಷದ ವೇತನ ಬಡ್ತಿ ನಿಂತಿತು. ಕೆಲಸ ಉಳಿಯಿತು. ನನಗೂ ಎಚ್ಚರಿಕೆ ಪತ್ರ ಬಂತು. ಬರಬೇಕಾದದ್ದೇ.

ಆದರೆ ನನ್ನ ಮನಸ್ಸಿನಲ್ಲಿ ನಿಂತಿರುವುದು ಆ ಸೋಮವಾರದ ಮರುದಿನ ಬೆಳಿಗ್ಗೆ ಡ್ಯೂಟಿಗೆ ಬಂದ ನಿಧಾನಿ. ಹಿಂದಿನ ಸಂಜೆ ಮಗಳ ಪಕ್ಕದಲ್ಲಿ ಕೂತು, ತಾರೀಖು ತಿದ್ದಿದ್ದು, ಮ್ಯಾನೇಜರ್ ಮುಂದೆ ಒಪ್ಪಿಕೊಂಡದ್ದು, ಕೆಲಸ ಇರುತ್ತೋ ಹೋಗುತ್ತೋ ಗೊತ್ತಿಲ್ಲ ಎನ್ನುವುದು, ಎಲ್ಲವನ್ನೂ ಹೇಳಿಬಿಟ್ಟರಂತೆ.

“ಏನಂದ್ಳಣ್ಣ?”

“ಗೋಡೆ ಕಡೆಯಿಂದ ಈ ಕಡೆ ತಿರುಗಿದ್ಳು ತಂಗಿ. ‘ಹಾಗಾದ್ರೆ ಅಪ್ಪ, ನೀನೂ ಫೇಲಾ?’ ಅಂದ್ಳು. ಹೌದಮ್ಮ ಅಂದೆ. ಎದ್ದು ಬಂದು ನನ್ನ ತಟ್ಟೇಲೇ ಕೈ ಹಾಕಿ ಊಟ ಮಾಡಿದ್ಳು.”