ಇಲ್ಲದ ಮೀಟಿಂಗು

ನಿರ್ದೇಶಕರ ಕೋಣೆಯ ಹೊರಗೆ ಕೂರುವ ಆಪ್ತ ಸಹಾಯಕಿಯನ್ನು ಕಾರ್ಖಾನೆಯವರು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಗೇಟು.

“ಸಾಹೇಬರ ಹತ್ರ ಹತ್ತೇ ನಿಮಿಷ, ಮೇಡಂ,” ಅಂದ ಮೆಂಟೆನೆನ್ಸ್ ಇಂಜಿನಿಯರ್.

“ಹೋದ ಸಲ ನಿಮ್ಮ ಹತ್ತು ನಿಮಿಷ ಮುಕ್ಕಾಲು ಗಂಟೆ ಹಿಡೀತು. ಏನು ಬೇಕು?”

“ದೊಡ್ಡ ಕ್ರೇನಿನ ಉಕ್ಕಿನ ಹಗ್ಗದಲ್ಲಿ ಎಳೆ ಕಿತ್ತಿವೆ. ಬೆಳಿಗ್ಗೆನೇ ನಿಲ್ಲಿಸಿದೀನಿ. ಹೊಸ ಹಗ್ಗ ಒಬ್ಬನ ಹತ್ರ ಮಾತ್ರ ಇದೆ, ಸಂಜೆವರೆಗೆ ಬೇರೆಯವರಿಗೆ ಕೊಡಲ್ಲ ಅಂದಿದಾನೆ. ಒಂದೇ ಕೊಟೇಶನ್ ಮೇಲೆ ಕೊಳ್ಳೋದಾದ್ರೆ ಸಾಹೇಬರ ಸಹಿ ಬೇಕು. ಅವರು ಮಧ್ಯಾಹ್ನ ವಿಮಾನ ಹತ್ತಿದ್ರೆ ನಾಳೆವರೆಗೆ ಸಿಗಲ್ಲ.”

“ಸಿಗದಿದ್ರೆ?”

“ರಾತ್ರಿ ಶಿಫ್ಟಿನವರು ಹಳೇ ಹಗ್ಗದಲ್ಲೇ ಓಡಿಸ್ತಾರೆ. ಕೆಳಗೆ ಜನ ಇರ್ತಾರೆ.”

ಅವಳು ಪೆನ್ನು ಕೆಳಗಿಟ್ಟಳು. “ಪ್ರೊಡಕ್ಷನ್ ಮುಖ್ಯಸ್ಥರಿಗೆ ಹೇಳಿದ್ರಾ?”

ಅವನು ಕಿಟಕಿಯ ಕಡೆ ನೋಡಿದ. ಅವನೂ ಮುಖ್ಯಸ್ಥರೂ ಮಾತು ಬಿಟ್ಟು ಬಹಳ ದಿನವಾಗಿತ್ತು. “ಸಹಿ ಆದ್ಮೇಲೆ ಅವರಿಗೇ ಗೊತ್ತಾಗುತ್ತೆ ಬಿಡಿ.”

“ಸಾಹೇಬರು ಕೇಳೋ ಮೊದಲ ಪ್ರಶ್ನೆನೇ ಅದು. ಆಮೇಲೆ ಅವರನ್ನ ಹುಡುಕೋದ್ರಲ್ಲೇ ನಿಮ್ಮ ಹತ್ತು ನಿಮಿಷ ಗೋವಿಂದ. ಫೈನಾನ್ಸಿನವರ ಒಪ್ಪಿಗೆ ನಾನು ತರಿಸ್ತೀನಿ. ನೀವು ಮುಖ್ಯಸ್ಥರನ್ನ ಕರ್ಕೊಂಡು ಬನ್ನಿ. ಊಟದ ಹೊತ್ತಿಗೆ.”

“ಆವಾಗ ಸಾಹೇಬರ ಡೈರಿಲಿ ‘ಆಂತರಿಕ ಪರಿಶೀಲನೆ’ ಅಂತ ಇದೆಯಲ್ಲ?”

“ಅಂಥ ಮೀಟಿಂಗೇ ಇಲ್ಲ. ಸಾಹೇಬರು ಎರಡು ತುತ್ತು ತಿನ್ಲಿ ಅಂತ ನಾನೇ ಹಾಕಿರೋದು. ಬಾಯಿ ಬಿಟ್ರೆ ನಾಳೆಯಿಂದ ಅಲ್ಲೂ ಕ್ಯೂ ನಿಲ್ತಾರೆ.”

ಇಂಜಿನಿಯರ್ ಹೋದಾಗ ಪ್ರೊಡಕ್ಷನ್ ಮುಖ್ಯಸ್ಥರು ನಿಂತುಹೋದ ಕ್ರೇನಿನ ಕೆಳಗೇ ಯಾರನ್ನೋ ಬೈಯುತ್ತಿದ್ದರು.

“ಏನಪ್ಪಾ, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ? ನನ್ನ ಹತ್ರ ಮಾತಾಡೋಕೆ ಬಂದಿದೀಯ! ಎರಡು ಎಳೆ ಕಿತ್ತ ಮಾತ್ರಕ್ಕೆ ಕೆಲಸ ನಿಲ್ಲಿಸೋದಾ? ಇವತ್ತೊಂದು ರಾತ್ರಿ ಓಡಿಸು.”

ಇಂಜಿನಿಯರಿಗೆ ಉತ್ತರ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. “ಮೇಲೆ ಹತ್ತಿ ನೋಡಿ ಬನ್ನಿ ಸಾರ್. ಆಮೇಲೆ ನೀವು ಹೇಳಿದ ಹಾಗೆ.”

ಅವರು ಗೊಣಗುತ್ತ ಏಣಿ ಹತ್ತಿದರು. ಇಳಿಯುವಾಗ ಗೊಣಗಲಿಲ್ಲ. ಕೈಯ ಗ್ರೀಸನ್ನು ಬಟ್ಟೆಗೆ ಒರೆಸುತ್ತ, “ಎಷ್ಟು ಹೊತ್ತಿಗೆ ಹೋಗ್ಬೇಕು?” ಎಂದರು.

ಊಟದ ಹೊತ್ತಿಗೆ ನಿರ್ದೇಶಕರು ತಟ್ಟೆಯಿಂದ ತಲೆ ಎತ್ತದೆ ಹಗ್ಗ ಕೊಳ್ಳುವ ಟಿಪ್ಪಣಿ ಓದಿದರು. “ಪ್ರೊಡಕ್ಷನ್ನಿಗೆ ಹೇಳಿದೀರಾ?”

“ಹೇಳಿದಾರೆ,” ಅಂದರು ಮುಖ್ಯಸ್ಥರು. “ಆ ಹಗ್ಗದಲ್ಲಿ ನಾನು ಓಡಿಸಲ್ಲ.”

ನಿರ್ದೇಶಕರು ಎಡಗೈಯಲ್ಲಿ ಕಾಗದ ಒತ್ತಿಹಿಡಿದು, ಬಲಗೈ ಒರೆಸಿಕೊಂಡು ಸಹಿ ಹಾಕಿದರು.

ಹೊರಗೆ ಬಂದವನೇ ಇಂಜಿನಿಯರ್ ಮಾರಾಟಗಾರನಿಗೆ ಫೋನು ಹಚ್ಚಿದ. ಮುಖ್ಯಸ್ಥರು ಬಾಗಿಲಲ್ಲೇ ನಿಂತು ಹಲ್ಲು ಕಿರಿದರು.

“ಮೇಡಂ, ಇನ್ನೂ ಟೈಮ್ ಉಳಿದಿದೆಯಲ್ಲ. ನಂದೂ ಒಂದು ಸಣ್ಣ ವಿಷಯ...”

“ಬಾಗಿಲು ಹಾಕಿ ಸಾರ್,” ಅಂದಳು ಅವಳು. “ಸಾಹೇಬರು ಮೀಟಿಂಗಲ್ಲಿದಾರೆ.”